ಬಾಕಿ ಮಾಹಿತಿ ಕೊಡಿ, ಬದಲಾವಣೆಗೆ ಬರಹದಲ್ಲಿ ಒಪ್ಪಿಗೆ ಕೊಡಿ ಅಂತ ಗ್ರಾಹಕರಿಗೆ ಪತ್ರ: ಕರಡು ನೋಡಿ ಹೇಳ್ತೀರಾ?

ಕೋಡುಗಾರ_ದಾವಣಗೆರೆ · 2025 ಜುಲೈ 12, ರಾತ್ರಿ 9:40

ನಮಸ್ಕಾರ ಎಲ್ಲರಿಗೂ. ನಾನು ಮತ್ತು ನನ್ನ ಗೆಳೆಯ ಇಬ್ಬರೇ ಸೇರಿ ಅಂಗಡಿಗಳಿಗೆ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. ಈಗ ಒಂದು ಕಿರಾಣಿ ಸಗಟು ಅಂಗಡಿಗೆ ಬಿಲ್ಲಿಂಗ್, ಸ್ಟಾಕ್, ಉದ್ರಿ ಲೆಕ್ಕ ಮೂರೂ ಇರುವ ಸಾಫ್ಟ್‌ವೇರ್ ಮಾಡುತ್ತಿದ್ದೇವೆ. ಒಪ್ಪಿದ ಮೊತ್ತ 1,80,000 ರೂಪಾಯಿ. ಜೂನ್ 2ಕ್ಕೆ ಶುರು, ಆಗಸ್ಟ್ 9ಕ್ಕೆ ಮುಗಿಸಿ ಕೊಡಬೇಕು. ಭಾನುವಾರ ಬಿಟ್ಟು ಸರಿಯಾಗಿ 60 ದಿನ. ಇವತ್ತಿಗೆ 36 ದಿನ ಮುಗಿದಿದೆ.

ಶುರುವಿನಲ್ಲಿ ಎರಡು ಪುಟದ ಪಟ್ಟಿ ಮಾಡಿ ಯಜಮಾನರ ಸಹಿ ಹಾಕಿಸಿಕೊಂಡಿದ್ದೆವು. ಅದರಲ್ಲಿ ಕೆಲವು ಕಡೆ "ಮಾಹಿತಿ ಆಮೇಲೆ ಕೊಡಲಾಗುವುದು" ಅಂತ ಬರೆದುಕೊಂಡಿದ್ದೆವು. ಆ ಆಮೇಲೆ ಇನ್ನೂ ಬಂದಿಲ್ಲ. ಯಾವ ಸಾಮಾನಿಗೆ ಎಷ್ಟು ಜಿಎಸ್‌ಟಿ ಅನ್ನುವ ಪಟ್ಟಿ ಬಂದಿಲ್ಲ. ಹಳೆ ಉದ್ರಿ ಬಾಕಿ ಬಂದಿಲ್ಲ. ಚೀಲ ಒಡೆದು ಬಿಡಿಯಾಗಿ ಕೆಜಿ ಲೆಕ್ಕದಲ್ಲಿ ಮಾರುತ್ತಾರಾ ಇಲ್ಲವಾ ಅನ್ನುವುದಕ್ಕೂ ಉತ್ತರ ಇಲ್ಲ.

ಇದರ ನಡುವೆ ಯಜಮಾನರ ಮಗ ವಾಟ್ಸಾಪ್‌ನಲ್ಲಿ ವಾಯ್ಸ್ ಮೆಸೇಜ್ ಕಳಿಸುತ್ತಲೇ ಇದ್ದಾರೆ. ಬಿಲ್ ಕನ್ನಡದಲ್ಲಿ ಪ್ರಿಂಟ್ ಆಗಬೇಕು ಅಂದರು. ನಾಲ್ಕು ದಿನ ಕೂತು ಮಾಡಿಕೊಟ್ಟೆವು, ದುಡ್ಡಿನ ಮಾತೇ ಎತ್ತಲಿಲ್ಲ. ಆಮೇಲೆ ಎರಡನೇ ಗೋದಾಮಿನ ಸ್ಟಾಕ್ ಬೇರೆ ತೋರಿಸಬೇಕು ಅಂದರು, ಅದು 9 ದಿನದ ಕೆಲಸ, ಕೈ ಹಾಕಿದ್ದೇವೆ. ಮೊನ್ನೆ ಉದ್ರಿ ಬಾಕಿ ಇರುವವರಿಗೆ ಮೆಸೇಜ್ ಹೋಗಬೇಕು ಅಂದರು, ಅದು 3 ದಿನ.

ಹಾಗಾಗಿ ಪತ್ರ ಬರೆಯಲೇಬೇಕು ಅಂತ ಕೂತೆ. ಕರಡು ಇದು:

> ಮಾನ್ಯರೇ, ತಮ್ಮಿಂದ ಹಲವು ಮಾಹಿತಿಗಳು ಬರುವುದು ಬಾಕಿ ಇದೆ. ಅಲ್ಲದೆ ಕೆಲಸದ ನಡುವೆ ಹಲವು ಬದಲಾವಣೆಗಳನ್ನು ತಿಳಿಸಿರುತ್ತೀರಿ. ದಯವಿಟ್ಟು ಎಲ್ಲ ಮಾಹಿತಿಯನ್ನು ಆದಷ್ಟು ಬೇಗ ಕೊಡಬೇಕು. ಬದಲಾವಣೆಗಳಿಗೆ ಹೆಚ್ಚಿನ ಹಣ ಮತ್ತು ಸಮಯ ಬೇಕಾಗುತ್ತದೆ. ತಮ್ಮ ಲಿಖಿತ ಒಪ್ಪಿಗೆ ಬರುವ ತನಕ ಕೆಲಸ ನಿಲ್ಲಿಸಲಾಗುವುದು.

ಗೆಳೆಯ ಇದು ಜಗಳ ಮಾಡಿದ ಹಾಗಿದೆ ಅನ್ನುತ್ತಾನೆ. ನನಗೆ ಇದು ತೀರಾ ಮೆತ್ತಗಿದೆ ಅನ್ನಿಸುತ್ತಿದೆ. ನೀವೇನು ಅಂತೀರಿ?

---

ನೋಟಿಸ್_ಕಳಿಸಿ · ರಾತ್ರಿ 10:05

ದುಡ್ಡು ಕೊಡದವರಿಗೆ ಪತ್ರ ಬರೆದು ಕೂತರೆ ಏನೂ ಆಗುವುದಿಲ್ಲ. ವಕೀಲರ ಕಡೆಯಿಂದ ನೋಟಿಸ್ ಕಳಿಸಿ. ನನಗೆ ಹೀಗೇ 65 ಸಾವಿರ ಬರಬೇಕಿತ್ತು, ಒಂದು ವರ್ಷ ಅಲೆದಾಡಿಸಿದರು. ನೋಟಿಸ್ ಹೋದ ಹತ್ತೇ ದಿನಕ್ಕೆ ಫೋನ್ ಬಂತು.

ಕೋಡುಗಾರ_ದಾವಣಗೆರೆ · ರಾತ್ರಿ 10:12

ಅಣ್ಣ, ಇಲ್ಲಿ ದುಡ್ಡು ಬಾಕಿ ಇಲ್ಲ. ಮುಂಗಡ 72 ಸಾವಿರ ಮೊದಲ ದಿನವೇ ಕೊಟ್ಟಿದ್ದಾರೆ. ಮನುಷ್ಯರು ಒಳ್ಳೆಯವರು. ಕೆಲಸ ಮುಂದೆ ಹೋಗಲು ಬೇಕಾದ ಉತ್ತರ ಬರುತ್ತಿಲ್ಲ, ಅದಷ್ಟೇ ತೊಂದರೆ.

---

ಹಳೇ_ಪಿಎಂ · ರಾತ್ರಿ 10:50

ಇಪ್ಪತ್ತೆರಡು ವರ್ಷ ಇಂಥ ಪತ್ರಗಳನ್ನು ಬರೆದಿದ್ದೇನೆ, ಇಂಥವನ್ನು ತೆಗೆದುಕೊಂಡೂ ಇದ್ದೇನೆ. ನಿಮ್ಮ ಕರಡು ಜಗಳವೂ ಅಲ್ಲ, ಮೆತ್ತಗೂ ಇಲ್ಲ. ಅದಕ್ಕೆ ಉತ್ತರ ಕೊಡಲು ಸಾಧ್ಯವೇ ಇಲ್ಲ, ತೊಂದರೆ ಅಲ್ಲಿದೆ. "ಹಲವು ಮಾಹಿತಿಗಳು" ಅಂದರೆ ಯಾವುವು? ಓದಿದ ಯಜಮಾನರು ಫೋನ್ ಮಾಡಿ "ಏನ್ ಬೇಕಪ್ಪಾ ನಿಂಗೆ?" ಅಂತಾರೆ. ಮತ್ತೆ ಬಾಯಿ ಮಾತಿಗೇ ವಾಪಸ್ ಬಂದಿರಿ.

ನೀವು ಎರಡು ಬೇರೆ ಬೇರೆ ವಿಷಯವನ್ನು ಒಂದೇ ಪ್ಯಾರಾದಲ್ಲಿ ಕಲಸಿದ್ದೀರಿ. ಬಾಕಿ ಮಾಹಿತಿ ಅನ್ನುವುದು ಅವರು ಕೊಡಬೇಕಾದ್ದು, ಅದಕ್ಕೆ ಹೆಚ್ಚಿನ ದುಡ್ಡು ಕೇಳುವಂತಿಲ್ಲ, ಸಮಯ ಮಾತ್ರ ಕೇಳಬಹುದು. ಬದಲಾವಣೆ ಅನ್ನುವುದು ಸಹಿ ಆದ ಪಟ್ಟಿಯಲ್ಲಿ ಇಲ್ಲದ್ದು, ಅದಕ್ಕೆ ದುಡ್ಡೂ ಕೇಳಬೇಕು, ದಿನವೂ ಕೇಳಬೇಕು. ಎರಡನ್ನೂ ಒಟ್ಟಿಗೆ ಬರೆದರೆ, ಮಾಹಿತಿ ಕೊಡಿ ಅಂದದ್ದಕ್ಕೂ ದುಡ್ಡು ಕೇಳುತ್ತಿದ್ದಾನೆ ಅಂತ ಓದಿಕೊಳ್ಳುತ್ತಾರೆ. ಅಲ್ಲಿಗೆ ಮನಸ್ಸು ಕೆಟ್ಟಿತು.

ಇನ್ನೊಂದು, ಪ್ರತಿ ಪ್ರಶ್ನೆಯ ಮುಂದೆ "ಇದು ಬರದಿದ್ದರೆ ಯಾವ ಕೆಲಸ ನಿಲ್ಲುತ್ತದೆ" ಅಂತ ಒಂದೇ ಸಾಲು ಬರೆಯಿರಿ. ಚೀಲ ಒಡೆದು ಮಾರುವ ವಿಷಯವನ್ನೇ ನೋಡಿ. ಸ್ಟಾಕ್ ಚೀಲದ ಲೆಕ್ಕದಲ್ಲಿ ಇಟ್ಟು ಕಟ್ಟಿದ್ದೀರಿ ಅಂದುಕೊಳ್ಳಿ. ನಾಳೆ 50 ಕೆಜಿ ಸಕ್ಕರೆ ಚೀಲ ಒಡೆದು 12 ಕೆಜಿ ಮಾರಿದೆವು ಅಂದರೆ ಉಳಿದ 38 ಕೆಜಿಯನ್ನು ಎಲ್ಲಿ ತೋರಿಸುತ್ತೀರಿ? ಖರೀದಿ, ಬಿಲ್, ಸ್ಟಾಕ್ ವರದಿ, ಮೂರನ್ನೂ ಒಡೆದು ಕಟ್ಟಬೇಕು. ಈಗ ಒಂದು ಮಾತಲ್ಲಿ ಮುಗಿಯುವ ಉತ್ತರ ಆಗ ಎರಡು ವಾರ ತಿನ್ನುತ್ತದೆ. ಇದನ್ನು ಯಜಮಾನರಿಗೆ 12 ಕೆಜಿ ಸಕ್ಕರೆಯ ಉದಾಹರಣೆ ಹಾಕಿಯೇ ಬರೆಯಿರಿ. ಅವರಿಗೆ ತಕ್ಷಣ ಹೊಳೆಯುತ್ತದೆ, ಅವರದೇ ವ್ಯಾಪಾರ ಅಲ್ವಾ.

---

ಮೂರೇ_ದಿನ · ರಾತ್ರಿ 11:20

ನಾನು ಎಲ್ಲ ಮೇಲ್ ಕೆಳಗೂ ಒಂದು ಸಾಲು ಹಾಕುತ್ತೇನೆ: "3 ದಿನದೊಳಗೆ ಉತ್ತರ ಬರದಿದ್ದರೆ ಒಪ್ಪಿಗೆ ಇದೆ ಎಂದು ಭಾವಿಸಲಾಗುವುದು." ಸುಲಭ. ಕಾಯುವ ಕೆಲಸವೇ ಇಲ್ಲ. ಇವತ್ತಿನ ತನಕ ಯಾರೂ ತಕರಾರು ಮಾಡಿಲ್ಲ.

ವಕೀಲರ_ಕಿರಿಯ · ಜುಲೈ 13, ಬೆಳಗ್ಗೆ 7:30

ತಕರಾರು ಬಂದಿಲ್ಲ ಅಷ್ಟೇ. ಬಂದ ದಿನ ಆ ಸಾಲು ನಿಮ್ಮನ್ನು ಕಾಪಾಡುವುದು ಕಷ್ಟ. ಒಬ್ಬರು ಸುಮ್ಮನಿದ್ದಾರೆ ಅಂದರೆ ಒಪ್ಪಿದರು ಅಂತ ಇನ್ನೊಬ್ಬರು ತಾವೇ ತೀರ್ಮಾನ ಮಾಡಿಕೊಳ್ಳುವಂತಿಲ್ಲ, ಇದು ಒಪ್ಪಂದದ ಕಾನೂನಿನಲ್ಲಿ ಬಹಳ ಹಳೆಯ ಮಾತು. ಮೊದಲ ಒಪ್ಪಂದದಲ್ಲೇ ಇಬ್ಬರೂ "ಇಷ್ಟು ದಿನ ಸುಮ್ಮನಿದ್ದರೆ ಒಪ್ಪಿದ ಹಾಗೆ" ಅಂತ ಸಹಿ ಮಾಡಿದ್ದರೆ ಮಾತು ಬೇರೆ. ನಡುವೆ ನೀವೊಬ್ಬರೇ ಬರೆದುಕೊಂಡರೆ ಆಗುವುದಿಲ್ಲ.

ಆದರೆ ನಿಮ್ಮ ಮಾತಿನಲ್ಲಿ ಅರ್ಧ ಸರಿ ಇದೆ. ಗಡುವು ಬೇಕು, ಉತ್ತರ ಬರದಿದ್ದರೆ ಏನಾಗುತ್ತದೆ ಅಂತಲೂ ಬರೆಯಬೇಕು. ಆಗುವುದು ಏನು ಅನ್ನುವುದನ್ನು ತಿರುಗಿಸಿ. ಸುಮ್ಮನಿದ್ದರೆ ಒಪ್ಪಿಗೆ ಅಂತ ಬೇಡ, ಸುಮ್ಮನಿದ್ದರೆ ಆ ಭಾಗದ ಕೆಲಸ ನಿಲ್ಲುತ್ತದೆ, ದಿನಾಂಕ ಮುಂದೆ ಹೋಗುತ್ತದೆ ಅಂತ ಇರಲಿ.

ಇದಕ್ಕೆ ಕಾನೂನಿನ ಬೆಂಬಲವೂ ಇದೆ. 1872ರ ಭಾರತೀಯ ಕರಾರು ಕಾಯ್ದೆಯ 67ನೇ ಕಲಂ ತೆಗೆದು ನೋಡಿ. ಕೆಲಸ ಮಾಡಿಸುವವರು ಅದಕ್ಕೆ ಬೇಕಾದ ಅನುಕೂಲ ಮಾಡಿಕೊಡದೆ ಹೋದರೆ, ಅದರಿಂದ ನಿಂತುಹೋದ ಕೆಲಸಕ್ಕೆ ಮಾಡುವವನು ಹೊಣೆಯಲ್ಲ. ಅಲ್ಲಿರುವ ಉದಾಹರಣೆ ನಿಮ್ಮದೇ ಕತೆ: ಮನೆ ರಿಪೇರಿ ಮಾಡಲು ಒಬ್ಬ ಒಪ್ಪಿಕೊಳ್ಳುತ್ತಾನೆ, ಎಲ್ಲೆಲ್ಲಿ ರಿಪೇರಿ ಆಗಬೇಕು ಅಂತ ಮನೆಯವನು ತೋರಿಸುವುದೇ ಇಲ್ಲ. ಆದರೆ ನೀವು ಕೇಳಿದ್ದಿರಿ, ಅವರು ತೋರಿಸಲಿಲ್ಲ ಅನ್ನುವುದಕ್ಕೆ ಗುರುತು ಬೇಕಲ್ಲ. ಪತ್ರ ಇರುವುದೇ ಅದಕ್ಕೆ.

ಮೂರೇ_ದಿನ · ಬೆಳಗ್ಗೆ 8:02

ಹಾಗಾದರೆ ಬಾಯಿ ಮಾತಿನ ಒಪ್ಪಂದ ನಡೆಯುವುದೇ ಇಲ್ಲವಾ? ಊರಲ್ಲಿ ಅರ್ಧ ವ್ಯಾಪಾರ ಬಾಯಿ ಮಾತಲ್ಲೇ ನಡೆಯುತ್ತದೆ.

ವಕೀಲರ_ಕಿರಿಯ · ಬೆಳಗ್ಗೆ 8:15

ನಡೆಯುತ್ತದೆ. ಬಾಯಿ ಮಾತೂ ಒಪ್ಪಂದವೇ. ಹೇಳಿದ್ದೇನು ಅಂತ ತೋರಿಸಿಕೊಡುವುದು ಕಷ್ಟ, ಅಷ್ಟೇ. ವಾಟ್ಸಾಪ್, ಇಮೇಲ್‌ನಲ್ಲಿ ಕೊಟ್ಟ ಒಪ್ಪಿಗೆಯನ್ನು ಅದು ಎಲೆಕ್ಟ್ರಾನಿಕ್ ಅನ್ನುವ ಒಂದೇ ಕಾರಣಕ್ಕೆ ತಳ್ಳಿಹಾಕುವಂತಿಲ್ಲ, ಮಾಹಿತಿ ತಂತ್ರಜ್ಞಾನ ಕಾಯ್ದೆಯ 10ಎ ಕಲಂ ಅದನ್ನೇ ಹೇಳುತ್ತದೆ. ಮುಂದೆ ಕೋರ್ಟಿಗೆ ಹಾಜರು ಮಾಡುವ ಪ್ರಸಂಗ ಬಂದರೆ 2023ರ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕಾಗುತ್ತದೆ. ಸುಮ್ನೆ ಸ್ಕ್ರೀನ್‌ಶಾಟ್ ನಂಬಿ ಫೋನಿನಲ್ಲಿರುವ ಚಾಟ್ ಅಳಿಸಿಬಿಡಬೇಡಿ.

---

ಅಚ್ಚುಮನೆ · ಬೆಳಗ್ಗೆ 9:10

ನನಗೆ ಸಾಫ್ಟ್‌ವೇರ್ ಗೊತ್ತಿಲ್ಲ. ನಮ್ಮದು ಲಗ್ನಪತ್ರಿಕೆ ಅಚ್ಚು ಹಾಕುವ ಪ್ರೆಸ್. ನಮ್ಮಲ್ಲಿ ಪ್ರೂಫ್ ತೆಗೆದು, ಗಿರಾಕಿ ಓದಿ, "ಪ್ರೂಫ್ ಸರಿ ಇದೆ" ಅಂತ ಬರೆದು ಸಹಿ ಮಾಡುವ ತನಕ ಮಷಿನ್ ಮೇಲೆ ಕಾಗದ ಏರಿಸುವುದಿಲ್ಲ. ಒಂದು ಸಲ ಹುಡುಗನ ಸೋದರಮಾವ ಬಂದು ನೋಡಿ ಸರಿ ಇದೆ ಅಂದರು. ತುಂಬ ಅರ್ಜೆಂಟ್ ಅಂದಿದ್ದಕ್ಕೆ ಸಹಿ ಇಲ್ಲದೆ 800 ಪತ್ರಿಕೆ ಹಾಕಿದೆವು. ಆಮೇಲೆ ಹುಡುಗಿಯ ಅಪ್ಪ ಬಂದರು. ಅವರ ತಂದೆ ತೀರಿಕೊಂಡು ಎಂಟು ತಿಂಗಳಾಗಿತ್ತು, ಹೆಸರಿನ ಮುಂದೆ "ದಿವಂಗತ" ಇರಲಿಲ್ಲ. ಆ ಮನುಷ್ಯ ಪತ್ರಿಕೆ ಹಿಡಿದು ನಿಂತದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಎಲ್ಲ ಹೊಸದಾಗಿ ಹಾಕಿಕೊಟ್ಟೆವು, ನಮ್ಮ ಖರ್ಚಿನಲ್ಲೇ.

ಅದಕ್ಕೇ ಕೇಳುತ್ತೇನೆ, ನಿಮ್ಮಲ್ಲಿ ಪ್ರೂಫಿಗೆ ಸಹಿ ಹಾಕುವವರು ಯಾರು? ಅಪ್ಪನಾ, ಮಗನಾ?

ಹಳೇ_ಪಿಎಂ · ಬೆಳಗ್ಗೆ 9:35

ಇಲ್ಲಿರುವ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಇದು. ಕೋಡುಗಾರರೇ, ಪಟ್ಟಿಗೆ ಸಹಿ ಹಾಕಿದ್ದು ಅಪ್ಪ. ದುಡ್ಡು ಕೊಡುವುದು ಅಪ್ಪ. ಮೂರೂ ಬದಲಾವಣೆ ಹೇಳಿದ್ದು ಮಗ. ಅಪ್ಪನಿಗೆ ಇವು ಗೊತ್ತಿವೆಯಾ? ಒಪ್ಪಿಗೆ ಕೊಡುವ ಹಕ್ಕು ಯಾರಿಗೆ ಅಂತ ಪತ್ರದ ಮೊದಲ ಪ್ರಶ್ನೆಯಾಗಿಯೇ ಕೇಳಿ.

ಕೋಡುಗಾರ_ದಾವಣಗೆರೆ · ಬೆಳಗ್ಗೆ 9:50

ಇದು ನನ್ನ ತಲೆಗೇ ಬಂದಿರಲಿಲ್ಲ. ಮಗ ಹೇಳಿದರೆ ಅಪ್ಪ ಹೇಳಿದ ಹಾಗೇ ಅಂದುಕೊಂಡಿದ್ದೆ.

---

ಚಿತ್ರವೇ_ಅಕ್ಷರ · ಬೆಳಗ್ಗೆ 11:00

ಕನ್ನಡ ಬಿಲ್ ಬಗ್ಗೆ ಒಂದು ಮಾತು. ಥರ್ಮಲ್ ಪ್ರಿಂಟರ್‌ಗೆ ಕನ್ನಡ ಪಠ್ಯವನ್ನು ನೇರ ಕಳಿಸಿದರೆ ಪ್ರಶ್ನೆ ಚಿಹ್ನೆ ಬರುತ್ತದೆ, ಇಲ್ಲವೇ ಏನೇನೋ ಅಕ್ಷರ ಬರುತ್ತದೆ. ನೀವು ಚಿತ್ರ ಮಾಡಿ ಕಳಿಸಿರಬೇಕು ಅಲ್ವಾ?

ಕೋಡುಗಾರ_ದಾವಣಗೆರೆ · ಬೆಳಗ್ಗೆ 11:08

ಹೌದು. 80 ಎಂಎಂ ಪ್ರಿಂಟರ್ ಅವರದು, 576 ಚುಕ್ಕೆ ಅಗಲಕ್ಕೆ ಇಡೀ ಬಿಲ್ಲನ್ನು ಚಿತ್ರ ಮಾಡಿ ಕಳಿಸುತ್ತೇವೆ. "ಸಕ್ಕರೆ"ಯ ಒತ್ತಕ್ಷರ ಸರಿ ಬರುವ ತನಕ ಎರಡು ದಿನ ಹೋಯಿತು.

ಚಿತ್ರವೇ_ಅಕ್ಷರ · ಬೆಳಗ್ಗೆ 11:20

ಹಾಗಾದರೆ ಪ್ರಶ್ನೆ ಇದು: ಸಾಮಾನುಗಳ ಕನ್ನಡ ಹೆಸರು ಯಾರು ಕೊಡುತ್ತಾರೆ? ಸಗಟು ಅಂಗಡಿ ಅಂದರೆ ಕಡಿಮೆ ಅಂದರೂ ಐನೂರು ಸಾಮಾನು. ನಾನೊಂದು ಕಡೆ ಇದೇ ಕೆಲಸ ಮಾಡಿದ್ದೆ. "ಕನ್ನಡದಲ್ಲಿ ಬಿಲ್" ಅಂತ ಒಪ್ಪಿಗೆ ತೆಗೆದುಕೊಂಡೆ, ಹೆಸರು ಟೈಪ್ ಮಾಡುವುದು ಯಾರು ಅಂತ ಬರೆಯಲಿಲ್ಲ. ಅವರು ನಾನು ಮಾಡುತ್ತೇನೆ ಅಂದುಕೊಂಡಿದ್ದರು. ಒಂದು ವಾರ ರಾತ್ರಿ ಕೂತು ಟೈಪ್ ಮಾಡಿದೆ. ಆಮೇಲೆ ಅಂಗಡಿಯವರು ನೋಡಿ, "ಇಲ್ಲ, ನಾವು ಇದಕ್ಕೆ ಹೆಸರುಕಾಳು ಅನ್ನಲ್ಲ, ಹೆಸರು ಅಂತಷ್ಟೇ ಅಂತೀವಿ" ಅಂತ ಅರ್ಧ ತಿದ್ದಿಸಿದರು. ಬದಲಾವಣೆಗೆ ಒಪ್ಪಿಗೆ ಕೇಳುವಾಗ ಅದರೊಳಗೆ ಏನು ಸೇರಿಲ್ಲ ಅನ್ನುವುದನ್ನೂ ಬರೆಯಿರಿ.

ಕೋಡುಗಾರ_ದಾವಣಗೆರೆ · ಬೆಳಗ್ಗೆ 11:31

ಅವರ ಹಳೆ ಪಟ್ಟಿಯಲ್ಲಿ 640 ಸಾಮಾನು ಇವೆ. ಎಲ್ಲ ಇಂಗ್ಲಿಷ್‌ನಲ್ಲಿ. ನಾವು ಪರೀಕ್ಷೆಗೆ 20 ಹೆಸರು ಮಾತ್ರ ಹಾಕಿದ್ದೇವೆ.

---

ಗಲ್ಲಾಪೆಟ್ಟಿಗೆ · ಮಧ್ಯಾಹ್ನ 1:15

ನಾನು ನಿಮ್ಮ ಎದುರಿನ ಕಡೆಯವನು. ನಮ್ಮದೂ ಕಿರಾಣಿ ಸಗಟು ಅಂಗಡಿ, ಬೇರೆ ಊರು. ಸಾಫ್ಟ್‌ವೇರ್‌ನವರು ನಮಗೆ 31 ಪ್ರಶ್ನೆಗಳ ಮೇಲ್ ಕಳಿಸಿದ್ದರು. ಅಪ್ಪ ಅದನ್ನು ತೆರೆಯಲೇ ಇಲ್ಲ. ತೆರೆದಿದ್ದರೂ "ಯೂನಿಟ್ ಆಫ್ ಮೆಷರ್ ಕನ್ವರ್ಷನ್ ಬೇಕಾ" ಅಂತಿತ್ತು, ಯಾರಿಗೆ ಅರ್ಥ ಆಗಬೇಕು? ಉತ್ತರ ಕೊಡಲು ನಮಗೆ ಮನಸ್ಸಿಲ್ಲ ಅಂತ ಅಲ್ಲ. ಬೆಳಗ್ಗೆ ಆರಕ್ಕೆ ಲಾರಿ ಬಂದು ನಿಂತಿರುತ್ತದೆ, ಹಮಾಲರು ಕೂಗುತ್ತಿರುತ್ತಾರೆ, ಗಿರಾಕಿ ಎದುರಿಗಿರುತ್ತಾರೆ.

ಪತ್ರ ಒಂದೇ ಹಾಳೆ ಇರಲಿ. ಪ್ರಿಂಟ್ ತೆಗೆದುಕೊಂಡು ಮಧ್ಯಾಹ್ನ 3 ಗಂಟೆಗೆ ಹೋಗಿ, ಆಗ ಅಂಗಡಿ ಸ್ವಲ್ಪ ಬಿಡುವು. ಪ್ರತಿ ಪ್ರಶ್ನೆಗೆ ಹೌದು, ಇಲ್ಲ ಅಂತ ಟಿಕ್ ಹಾಕುವ ಹಾಗೆ ಮಾಡಿ. ಎದುರಿಗೇ ಕೂತು ತುಂಬಿಸಿಕೊಳ್ಳಿ. ಅದೇ ಹಾಳೆಯ ಫೋಟೋ ತೆಗೆದು ವಾಟ್ಸಾಪ್‌ಗೆ ಹಾಕಿ. ಇಮೇಲ್ ಬೇಕಾದರೆ ಆಮೇಲೆ ಕಳಿಸಿ.

ತೆರಿಗೆ ಪ್ರಶ್ನೆ ಮಾತ್ರ ಯಜಮಾನರನ್ನು ಕೇಳಬೇಡಿ. ಅಕ್ಕಿ, ಬೇಳೆಯನ್ನೇ ತೆಗೆದುಕೊಳ್ಳಿ. 2022ರ ಜುಲೈ 18ರಿಂದ 25 ಕೆಜಿ ತನಕದ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಚೀಲಕ್ಕೆ ಶೇ 5 ಜಿಎಸ್‌ಟಿ ಇದೆ, ಅದಕ್ಕಿಂತ ದೊಡ್ಡ ಚೀಲಕ್ಕೆ ಇಲ್ಲ. ಮಾರುಕಟ್ಟೆಯಲ್ಲಿ 26 ಕೆಜಿ ಅಕ್ಕಿ ಚೀಲ ಬಂದದ್ದೇ ಅದಕ್ಕೆ. ಅಂದರೆ ಒಂದೇ ಅಕ್ಕಿ, ಎರಡು ಚೀಲ, ಎರಡು ತೆರಿಗೆ. ನೀವು "ಅಕ್ಕಿ" ಅಂತ ಒಂದೇ ಸಾಲು ಇಟ್ಟು ಒಂದೇ ದರ ಹಾಕಿದ್ದರೆ ಬಿಲ್ ತಪ್ಪು. ಇದನ್ನು ಅವರ ಆಡಿಟರ್ ಬರೆದು ಕೊಡಲಿ.

ಹಳೇ_ಪಿಎಂ · ಮಧ್ಯಾಹ್ನ 1:40

ಈ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. ತೆರಿಗೆ ದರ ನಾವೇ ಗೂಗಲ್ ನೋಡಿ ಹಾಕಿಬಿಡುವುದು ಸುಲಭ. ಆದರೆ ತಪ್ಪು ಬಿಲ್ ಹೋದರೆ ಇಲಾಖೆಯ ಮುಂದೆ ನಿಲ್ಲುವುದು ಯಜಮಾನರು. ಆ ಮಾಹಿತಿ ಕೊಡಬೇಕಾದವರು ಅವರೇ ಅಂತ ಪತ್ರದಲ್ಲಿ ಸ್ಪಷ್ಟ ಇರಲಿ.

ಒಂದು ವಿಷಯದಲ್ಲಿ ಮಾತ್ರ ನನ್ನದು ಬೇರೆ ಅಭಿಪ್ರಾಯ. ಎದುರಿಗೆ ಕೂತು ತುಂಬಿಸಿಕೊಳ್ಳಿ ಸರಿ, ಆದರೆ ಬದಲಾವಣೆಯ ಸಹಿಯನ್ನು ಅಲ್ಲೇ ಆ ಕ್ಷಣಕ್ಕೆ ಕೇಳಬೇಡಿ. ದುಡ್ಡಿನ ವಿಷಯ ಅದು. ಹಾಳೆ ಬಿಟ್ಟು ಬನ್ನಿ, ಎರಡು ದಿನ ಯೋಚನೆ ಮಾಡಲಿ. ಮುಲಾಜಿಗೆ ಹಾಕಿದ ಸಹಿ ಆಮೇಲೆ ಜಗಳ ತರುತ್ತದೆ.

ಗಲ್ಲಾಪೆಟ್ಟಿಗೆ · ಮಧ್ಯಾಹ್ನ 1:52

ಬಿಟ್ಟು ಬಂದ ಹಾಳೆ ಬಿಲ್ ಚುಚ್ಚುವ ಕಂಬಿಗೆ ಹೋಗುತ್ತದೆ ಸ್ವಾಮಿ. ನಾನು ಅಲ್ಲೇ ಕೇಳಿ ಅಂತೀನಿ.

---

ಕೋಡುಗಾರ_ದಾವಣಗೆರೆ · ರಾತ್ರಿ 8:30

ಎಲ್ಲ ಓದಿ ಹೊಸದಾಗಿ ಬರೆದಿದ್ದೇನೆ. ದಿನದ ಲೆಕ್ಕ ಹೀಗೆ ಹಿಡಿದೆ: 1,80,000 ಭಾಗಿಸು 60 ದಿನ, ಅಂದರೆ ದಿನಕ್ಕೆ 3,000. ಒಪ್ಪಂದದ ಮೊತ್ತದಿಂದಲೇ ಬಂದ ದರ, ಹಾಗಾಗಿ ಹೊಸದಾಗಿ ಏನೋ ದರ ಏರಿಸಿದ ಅಂತ ಅನ್ನಿಸಬಾರದು.

> ದಿನಾಂಕ: 14 ಜುಲೈ 2025
>
> ಯಜಮಾನರಿಗೆ ನಮಸ್ಕಾರಗಳು.
>
> ಜೂನ್ 2ರಂದು ತಾವು ಸಹಿ ಮಾಡಿದ ಪಟ್ಟಿಯ ಪ್ರಕಾರ ಬಿಲ್ಲಿಂಗ್ ಮತ್ತು ಉದ್ರಿ ಖಾತೆಯ ಪರದೆಗಳು ಸಿದ್ಧವಾಗಿವೆ. ಮುಂದಿನ ಕೆಲಸಕ್ಕೆ ತಮ್ಮಿಂದ ಎರಡು ರೀತಿಯ ಉತ್ತರ ಬೇಕಾಗಿದೆ.
>
> ಮೊದಲಿಗೆ: ಇನ್ನು ಮುಂದೆ ಬದಲಾವಣೆಗೆ ಒಪ್ಪಿಗೆ ಕೊಡುವವರು ಯಾರು? ಒಬ್ಬರ ಹೆಸರು ತಿಳಿಸಿ. ಅವರ ಬರಹದ ಒಪ್ಪಿಗೆ ಬಂದರೆ ಮಾತ್ರ ಹೊಸ ಕೆಲಸ ಹಿಡಿಯುತ್ತೇವೆ.
>
> ಅ. ಬಾಕಿ ಇರುವ ಮಾಹಿತಿ. ಇದಕ್ಕೆ ಹೆಚ್ಚಿನ ಹಣ ಇಲ್ಲ.
>
> 1. ಚೀಲ ಒಡೆದು ಕೆಜಿ ಲೆಕ್ಕದಲ್ಲಿ ಮಾರುತ್ತೀರಾ? ಉದಾಹರಣೆಗೆ 50 ಕೆಜಿ ಸಕ್ಕರೆ ಚೀಲದಿಂದ 12 ಕೆಜಿ. ☐ ಹೌದು ☐ ಇಲ್ಲ. ಉತ್ತರ ಬರುವ ತನಕ ಸ್ಟಾಕ್ ಕೆಲಸ ಮುಂದೆ ಹೋಗುವುದಿಲ್ಲ.
>
> 2. 640 ಸಾಮಾನುಗಳ ಜಿಎಸ್‌ಟಿ ದರ ಮತ್ತು ಎಚ್‌ಎಸ್‌ಎನ್ ಸಂಖ್ಯೆ. 25 ಕೆಜಿ ಪ್ಯಾಕ್ ಮತ್ತು ಅದಕ್ಕಿಂತ ದೊಡ್ಡ ಚೀಲ ಬೇರೆ ಬೇರೆ ಸಾಲಿನಲ್ಲಿ ಇರಲಿ. ಇದನ್ನು ತಮ್ಮ ಆಡಿಟರ್ ನೋಡಿ ಕೊಡಬೇಕು. ಬರುವ ತನಕ ಬಿಲ್ಲಿನ ತೆರಿಗೆ ಭಾಗ ನಿಲ್ಲುತ್ತದೆ.
>
> 3. ಹಳೆ ಉದ್ರಿ ಬಾಕಿ ಪಟ್ಟಿ: ಗಿರಾಕಿ ಹೆಸರು, ಊರು, ಬಾಕಿ. ಇದು ಆಗಸ್ಟ್ 2ರ ಒಳಗೆ ಬಂದರೆ ಸಾಕು, ಅಲ್ಲಿಯ ತನಕ ಯಾವ ಕೆಲಸವೂ ನಿಲ್ಲುವುದಿಲ್ಲ.
>
> ಆ. ಪಟ್ಟಿಯಲ್ಲಿ ಇಲ್ಲದ, ನಡುವೆ ಕೇಳಿದ ಬದಲಾವಣೆಗಳು. ದಿನಕ್ಕೆ 3,000 ರೂ. ಲೆಕ್ಕ.
>
> ಬದಲಾವಣೆ 1: ಕನ್ನಡದಲ್ಲಿ ಬಿಲ್ ಪ್ರಿಂಟ್. 4 ದಿನ, 12,000 ರೂ. ಈ ಕೆಲಸವನ್ನು ತಮ್ಮನ್ನು ಕೇಳದೆ ಮುಂಚೆಯೇ ಮಾಡಿದ್ದೇವೆ, ಅದು ನಮ್ಮ ತಪ್ಪು. ಬೇಡ ಎಂದರೆ ತೆಗೆದು ಇಂಗ್ಲಿಷ್ ಬಿಲ್ ಇಡುತ್ತೇವೆ, ಹಣ ಕೇಳುವುದಿಲ್ಲ. ಸಾಮಾನುಗಳ ಕನ್ನಡ ಹೆಸರು ಟೈಪ್ ಮಾಡುವುದು ಇದರಲ್ಲಿ ಸೇರಿಲ್ಲ. ☐ ಬೇಕು ☐ ಬೇಡ
>
> ಬದಲಾವಣೆ 2: ಎರಡನೇ ಗೋದಾಮಿನ ಸ್ಟಾಕ್ ಬೇರೆ. 9 ದಿನ, 27,000 ರೂ. ಸದ್ಯಕ್ಕೆ ನಿಲ್ಲಿಸಿದ್ದೇವೆ. ☐ ಬೇಕು ☐ ಬೇಡ ☐ ಆಮೇಲೆ ನೋಡೋಣ
>
> ಬದಲಾವಣೆ 3: ಉದ್ರಿ ಬಾಕಿಯ ಮೆಸೇಜ್. 3 ದಿನ, 9,000 ರೂ. ಮೆಸೇಜ್ ಕಂಪನಿಯ ಶುಲ್ಕ ಬೇರೆ. ☐ ಬೇಕು ☐ ಬೇಡ ☐ ಆಮೇಲೆ ನೋಡೋಣ
>
> ಮೂರೂ ಬೇಡ ಎಂದರೆ ಆಗಸ್ಟ್ 9ಕ್ಕೇ ಮುಗಿಯುತ್ತದೆ. ಮೂರೂ ಬೇಕು ಎಂದರೆ ಹೆಚ್ಚಿನ ಮೊತ್ತ 48,000 ರೂ., ಮುಗಿಯುವ ದಿನ ಆಗಸ್ಟ್ 30.
>
> ಅ-1 ಮತ್ತು ಅ-2ರ ಉತ್ತರ ಜುಲೈ 18ರ ಒಳಗೆ ಬೇಕು. ಆಮೇಲೆ ಬಂದರೆ ಆ ದಿನವೇ ಹೊಸ ದಿನಾಂಕ ಬರೆದು ತಿಳಿಸುತ್ತೇವೆ. ಉತ್ತರ ಬರದ ಭಾಗ ಮಾತ್ರ ನಿಲ್ಲುತ್ತದೆ, ಉಳಿದ ಕೆಲಸ ನಡೆಯುತ್ತಿರುತ್ತದೆ. ಉತ್ತರ ಬರಲಿಲ್ಲ ಎಂದು ಯಾವ ಬದಲಾವಣೆಯನ್ನೂ ಒಪ್ಪಿಗೆ ಎಂದು ಹಿಡಿಯುವುದಿಲ್ಲ.
>
> ಇದೇ ಹಾಳೆಯಲ್ಲಿ ಗುರುತು ಹಾಕಿ ಸಹಿ ಮಾಡಿದರೆ ಸಾಕು. ಅಥವಾ "ಬದಲಾವಣೆ 1 ಬೇಕು, 12,000 ಒಪ್ಪಿಗೆ" ಎಂದು ವಾಟ್ಸಾಪ್‌ನಲ್ಲಿ ಬರೆದು ಕಳಿಸಿದರೂ ಆಗುತ್ತದೆ.

ದಿನಾಂಕ ಲೆಕ್ಕ ಹಾಕುವಾಗ ಆಗಸ್ಟ್ 15 ಮತ್ತು 27ರ ಗಣೇಶ ಹಬ್ಬ ಬಿಟ್ಟಿದ್ದೇನೆ.

ಮೂರೇ_ದಿನ · ರಾತ್ರಿ 8:55

ಬದಲಾವಣೆ 1ರಲ್ಲಿ "ನಮ್ಮ ತಪ್ಪು" ಅಂತ ಯಾಕೆ ಬರೆಯುತ್ತೀರಿ? ಮಗನೇ ಕೇಳಿದ್ದು. 12 ಸಾವಿರ ಕೈಬಿಟ್ಟ ಹಾಗಾಯಿತು.

ಹಳೇ_ಪಿಎಂ · ರಾತ್ರಿ 9:20

ಅದು ಇರಲಿ. ಮಾಡಿ ಮುಗಿಸಿದ ಮೇಲೆ ಕೇಳುವ ಒಪ್ಪಿಗೆಗೆ ಬೆಲೆ ಕಡಿಮೆ. ಬೇಡ ಅನ್ನುವ ದಾರಿ ಬಿಟ್ಟಿದ್ದರಿಂದಲೇ ಉಳಿದ ಎರಡಕ್ಕೆ ಗಟ್ಟಿಯಾಗಿ ಕೇಳಬಹುದು. ನಾನಾಗಿದ್ದರೆ "ನಮ್ಮ ತಪ್ಪು" ಅನ್ನುವ ಎರಡು ಪದ ತೆಗೆದು, "ಮುಂಚೆಯೇ ಮಾಡಿದ್ದೇವೆ" ಅಂತ ಮಾತ್ರ ಇಡುತ್ತಿದ್ದೆ.

ಆದರೆ ಒಂದು ಲೆಕ್ಕ ತಪ್ಪಿದೆ, ನೋಡಿಕೊಳ್ಳಿ. ಮೂರೂ ಬೇಡ ಅಂದರೆ ಆಗಸ್ಟ್ 9 ಅಂದಿದ್ದೀರಿ. ನೀವು ಆಗಲೇ 4 ದಿನ ಕನ್ನಡ ಬಿಲ್ಲಿಗೆ ಕಳೆದಿದ್ದೀರಿ, ಗೋದಾಮಿಗೂ ಕೈ ಹಾಕಿದ್ದೀರಿ. ಆ ದಿನಗಳನ್ನು ಎಲ್ಲಿಂದ ತರುತ್ತೀರಿ?

ಕೋಡುಗಾರ_ದಾವಣಗೆರೆ · ರಾತ್ರಿ 9:34

ಗೋದಾಮಿಗೆ ಒಂದೇ ದಿನ ಹೋಗಿದೆ. ಆ ಐದು ದಿನವನ್ನು ಉಳಿದ ಮೂರು ಭಾನುವಾರ ಮತ್ತು ರಾತ್ರಿ ಹೊತ್ತು ಕೂತು ಸರಿದೂಗಿಸುತ್ತೇವೆ. ಕೇಳದೆ ಮಾಡಿದ್ದು ನಾವು ತಾನೇ. ಆ ಎರಡು ಪದವನ್ನೂ ಹಾಗೇ ಬಿಡುತ್ತೇನೆ.

---

ಕೋಡುಗಾರ_ದಾವಣಗೆರೆ · ಜುಲೈ 19, ರಾತ್ರಿ 10:15

ಏನಾಯಿತು ಅಂತ ಹೇಳುತ್ತೇನೆ. 14ಕ್ಕೆ ಮಧ್ಯಾಹ್ನ ಮೂರಕ್ಕೆ ಹೋದೆ. ಯಜಮಾನರು ಕನ್ನಡಕ ಹಾಕಿಕೊಂಡು ಬೆರಳಿಟ್ಟು ಒಂದೊಂದೇ ಸಾಲು ಓದಿದರು. ಸಕ್ಕರೆ ಸಾಲಿಗೆ ಬಂದಾಗ ನಕ್ಕು, "ಸಕ್ಕರೆ ಒಡೆಯಲ್ಲಪ್ಪ, ಬೇಳೆ ಒಡೀತೀವಿ" ಅಂದರು. ಅಂದರೆ ಎಲ್ಲ ಸಾಮಾನಿಗೂ ಒಂದೇ ಉತ್ತರ ಇಲ್ಲ. ಯಾವ್ಯಾವುದು ಒಡೆಯುತ್ತಾರೆ ಅಂತ ಅಲ್ಲೇ ಕೂತು 38 ಸಾಮಾನಿಗೆ ಗುರುತು ಹಾಕಿಕೊಂಡೆ. ನಾನು ಹೌದು, ಇಲ್ಲ ಅಂತ ಎರಡೇ ಚೌಕ ಇಟ್ಟಿದ್ದೆ, ನನ್ನ ಪ್ರಶ್ನೆಯೇ ಸರಿ ಇರಲಿಲ್ಲ.

ಎರಡನೇ ಗೋದಾಮಿನ ಸಾಲು ಓದಿ ಸುಮ್ಮನಾದರು. ಆಮೇಲೆ ಮಗನನ್ನು ಕರೆದು ಕೇಳಿದರು. ಆ ಗೋದಾಮು ಬಾಡಿಗೆಯದು, ದೀಪಾವಳಿ ಆದ ಮೇಲೆ ಬಿಡುವ ಯೋಚನೆ ಇದೆಯಂತೆ. ಮಗನಿಗೆ ಅದು ಗೊತ್ತಿರಲಿಲ್ಲ, ಅಪ್ಪನಿಗೆ ಮಗ ಕೇಳಿದ್ದು ಗೊತ್ತಿರಲಿಲ್ಲ. ಬೇಡ ಅಂತ ಗುರುತು ಹಾಕಿದರು.

ಕನ್ನಡ ಬಿಲ್ ಬೇಕು, 12 ಸಾವಿರ ಒಪ್ಪಿಗೆ ಅಂತ ಸಹಿ ಹಾಕಿದರು. ಹೆಸರುಗಳನ್ನು ಅಂಗಡಿಯ ಗುಮಾಸ್ತರು ಎಕ್ಸೆಲ್‌ನಲ್ಲಿ ಟೈಪ್ ಮಾಡಿ ಕೊಡುತ್ತಾರೆ, ಈಗ 210 ಆಗಿದೆ. ಒಪ್ಪಿಗೆ ಕೊಡುವವರು ಯಾರು ಅನ್ನುವ ಕಡೆ ತಮ್ಮ ಹೆಸರನ್ನೇ ಬರೆದರು. ಬದಲಾವಣೆ 1 ಮಾತ್ರ ಸೇರಿ ಹೊಸ ದಿನ ಆಗಸ್ಟ್ 14.

ಬಾಕಿ ಉಳಿದಿರುವುದು ತೆರಿಗೆ ಪಟ್ಟಿ. ನಿನ್ನೆ 18 ದಾಟಿತು. ಆಡಿಟರ್ ಕಚೇರಿಯವರು ರಿಟರ್ನ್ ಕೆಲಸ ಇದೆ, 26ರ ನಂತರ ಕೊಡುತ್ತೇವೆ ಅಂದರು. ಇವತ್ತು ಯಜಮಾನರಿಗೆ ಎರಡು ಸಾಲು ಕಳಿಸಿದೆ: "ಅ-2 ಬಂದಿಲ್ಲ. ಬಿಲ್ಲಿನ ತೆರಿಗೆ ಭಾಗ ಇಂದಿನಿಂದ ನಿಂತಿದೆ, ಉದ್ರಿ ವರದಿ ಕೆಲಸ ನಡೆಯುತ್ತಿದೆ. ಪಟ್ಟಿ ಬಂದ ದಿನ ಹೊಸ ದಿನಾಂಕ ತಿಳಿಸುತ್ತೇವೆ." ಅವರು "ಸರಿ" ಅಂತ ಬರೆದರು.

ಮೆಸೇಜ್ ಕೆಲಸ ಆಮೇಲೆ ನೋಡೋಣ ಅಂತ ಬಿಟ್ಟಿದ್ದರು. ಆದರೆ ಸಂಜೆ ಮಗನ ವಾಯ್ಸ್ ಮೆಸೇಜ್ ಬಂತು: "ಅಣ್ಣ, ಅಪ್ಪ ಮೆಸೇಜ್‌ಗೆ ಹ್ಞೂಂ ಅಂದಿದ್ದಾರೆ, ಶುರು ಮಾಡಿ." ಇದನ್ನು ಒಪ್ಪಿಗೆ ಅಂತ ಹಿಡಿಯಬಹುದಾ?

ವಕೀಲರ_ಕಿರಿಯ · ರಾತ್ರಿ 10:40

ಧ್ವನಿಯೂ ದಾಖಲೆಯೇ. ಆದರೆ ನಿಮ್ಮ ಹಾಳೆಯಲ್ಲಿ ಒಪ್ಪಿಗೆ ಕೊಡುವವರು ಅಪ್ಪ, ಅದೂ ಬರಹದಲ್ಲಿ ಅಂತ ಇದೆ. ನೀವೇ ಹಾಕಿದ ಗೆರೆ ನೀವೇ ದಾಟಬೇಡಿ.

ಗಲ್ಲಾಪೆಟ್ಟಿಗೆ · ರಾತ್ರಿ 10:52

ಮೂರು ದಿನದ ಕೆಲಸಕ್ಕೆ ಮತ್ತೆ ಅಪ್ಪನ ಹತ್ತಿರ ಹೋದರೆ ಮಗನಿಗೆ ಬೇಜಾರಾಗುತ್ತದೆ. ನಾಳೆ ಅಂಗಡಿ ನೋಡಿಕೊಳ್ಳುವವರು ಅವರೇ. ನಾನಾಗಿದ್ದರೆ ಮಗನಿಗೇ ಬರೆಯುತ್ತಿದ್ದೆ.

ಕೋಡುಗಾರ_ದಾವಣಗೆರೆ · ರಾತ್ರಿ 11:05

ಇಬ್ಬರೂ ಇರುವ ಗ್ರೂಪಿಗೆ ಹೀಗೆ ಹಾಕಿದೆ: "ಬದಲಾವಣೆ 3, ಉದ್ರಿ ಮೆಸೇಜ್, 9,000 ರೂ., 3 ದಿನ ಹೆಚ್ಚು. ಅಣ್ಣ ಶುರು ಮಾಡಲು ಹೇಳಿದ್ದಾರೆ. ಯಜಮಾನರು ಇಲ್ಲಿ ಒಪ್ಪಿಗೆ ಅಂತ ಒಂದು ಪದ ಬರೆದರೆ ಸೋಮವಾರ ಹಿಡಿಯುತ್ತೇವೆ." ಎರಡು ನೀಲಿ ಟಿಕ್ ಬಂದಿದೆ. ಉತ್ತರ ಇನ್ನೂ ಬಂದಿಲ್ಲ.